ಹೊರಡುವ ಸೀರೆಗೆ ಹಾಕಿದ ಗಂಜಿ

ಬಾಟಲಿ ಗಂಜಿಯ ಹೆಸರು ಎತ್ತಿದರೆ ಸಾಕು, ನಮ್ಮ ಸುಭದ್ರಕ್ಕ ಸವತಿಯ ಹೆಸರು ಕೇಳಿದವಳ ಹಾಗೆ ಮೂಗು ಮುರಿಯುತ್ತಿದ್ದಳು. ಕಾಶಿಯ ಜಂಗಮವಾಡಿಯ ಗಲ್ಲಿಯಲ್ಲಿ ಅವಳದು ಕೆಳಗಿನ ಮನೆ, ನಮ್ಮದು ಮೇಲಿನದು. ಅವಳ ಗಂಡ ನೀಲಕಂಠ ಅವರು ರೈಲ್ವೆಯಲ್ಲಿ ಕೆಲಸ ಮಾಡಿ ಇಲ್ಲೇ ನಿವೃತ್ತರಾದವರು. ನಾನು ಬ್ಯಾಂಕಿನವಳು, ವರ್ಗವಾಗಿ ಧಾರವಾಡದಿಂದ ಬಂದೆ. ಬಂದ ಹೊಸದರಲ್ಲಿ ಅವಳನ್ನು ‘ನೀವು’ ಎಂದು ಕರೆದಿದ್ದಕ್ಕೆ, “ನಾ ಏನ್ ನಿನ್ನ ಮ್ಯಾನೇಜರೇನ? ಅಕ್ಕಾ ಅನ್ನು, ನೀ ಅನ್ನು” ಎಂದು ಬಹುವಚನ ಬಿಡಿಸಿದಳು. ಅವತ್ತಿನಿಂದ ನಮ್ಮಿಬ್ಬರಿಗೂ ಜಗಳವಾಡಲು ಪೂರ್ತಿ ಹಕ್ಕು ಬಂತು.

ಜಗಳಕ್ಕೆ ವಿಷಯ ಒಂದೇ, ಗಂಜಿ. ಇಳಕಲ್ಲಿನ ನೇಕಾರರ ಮನೆಯ ಹೆಣ್ಣು ಅವಳು. ಮಗ್ಗಕ್ಕೆ ಏರುವ ಮೊದಲು ಹಾಸಿನ, ಅಂದರೆ ಉದ್ದೆಳೆಯ, ನೂಲಿಗೆ ಗಂಜಿ ಹಾಕುವುದನ್ನು ತೊಟ್ಟಿಲಲ್ಲಿ ಮಲಗಿಯೇ ನೋಡಿದ್ದೇನೆ ಎನ್ನುತ್ತಿದ್ದಳು. ಕಾಶಿಯಲ್ಲಿರುವ ಕನ್ನಡದವರ ಮನೆಗಳಲ್ಲಿ ಮದುವೆ, ಸೀಮಂತ, ಮಠದಲ್ಲಿ ಪೂಜೆ ಏನೇ ಇರಲಿ, ಹತ್ತಿ ಸೀರೆಗಳೆಲ್ಲ ಮೊದಲು ಅವಳ ಬಕೆಟ್ಟಿಗೆ ಬೀಳಬೇಕು. ಅನ್ನಕ್ಕೆ ನೀರು ಧಾರಾಳವಾಗಿ ಇಟ್ಟು, ಬೆಂದ ಮೇಲೆ ಬಸಿದು, ಹಳೆಯ ಧೋತರದಲ್ಲಿ ಸೋಸುತ್ತಿದ್ದಳು. ಸೋಸದಿದ್ದರೆ ಕಪ್ಪು ಸೀರೆಯ ಮೇಲೆ ಬಿಳಿ ಕಲೆ ಬೀಳುತ್ತದೆ. ಆಮೇಲೆ ನೀರು ಬೆರೆಸಿ ತೆಳು ಮಾಡಿ, ಒಗೆದು ಹಿಂಡಿದ ಸೀರೆಯನ್ನು ಅದರಲ್ಲಿ ಮುಳುಗಿಸಿ, ತಿರುಚದೆ ಅಂಗೈಯಲ್ಲಿ ಒತ್ತಿ ತೆಗೆದು, ಕೊಡವಿ, ತಾರಸಿಯ ನೆರಳಲ್ಲಿ ಹರವುವುದು. ಹರವಿ ಕೋಲು ಹಿಡಿದು ಪಕ್ಕದಲ್ಲೇ ಕೂರುವುದು, ಏಕೆಂದರೆ ಕಾಶಿಯ ಕೋತಿಗಳು ಅನ್ನದ ವಾಸನೆ ಬಂದರೆ ಸೀರೆಯನ್ನೂ ಬಿಡುವುದಿಲ್ಲ. ಅರೆ ಹಸಿ ಇರುವಾಗಲೇ ಇಸ್ತ್ರಿ. ಅವಳು ಮಡಿಚಿ ಕೊಟ್ಟ ಸೀರೆಯನ್ನು ಉಟ್ಟರೆ ನೆರಿಗೆ ಹೇಳಿದ ಕಡೆ ನಿಲ್ಲುತ್ತಿತ್ತು. ಅಷ್ಟಾಗಿಯೂ ಅದರೊಳಗೆ ಗಾಳಿ ಆಡುತ್ತಿತ್ತು. ಇದನ್ನು ಒಪ್ಪದಿದ್ದರೆ ನನ್ನ ನಾಲಿಗೆಗೆ ಹುಳ ಬಿದ್ದೀತು.

ಆದರೆ ದಿನಾ ಬೆಳಿಗ್ಗೆ ಬ್ಯಾಂಕಿಗೆ ಓಡುವವಳಿಗೆ ಅನ್ನ ಬಸಿಯುತ್ತ ಕೂರಲು ಆಗುತ್ತದೆಯೇ? ನಾನು ಬಾಟಲಿಯವಳು. ಹಾಲಿನಂತಿರುವ ಆ ನೀರನ್ನು ಒಂದು ಮುಚ್ಚಳ ಬಕೆಟ್ಟಿಗೆ ಹಾಕಿದರೆ ಕೆಲಸ ಮುಗಿಯಿತು. ಅದಕ್ಕೆ ಹುಳಿ ಬರುವುದಿಲ್ಲ, ಹುಳ ಮುಟ್ಟುವುದಿಲ್ಲ. ಸುಭದ್ರಕ್ಕ ಅದನ್ನು ಮೂಸಿ ನೋಡಿ, “ಇದು ಗಂಜಿ ಅಲ್ಲವ್ವಾ, ಲಕೋಟಿ ಅಂಟಿಸೋ ಅಂಟು. ಸೀರಿ ಉಟಗೊಳ್ಳೋದೋ, ಪೋಸ್ಟ್ ಮಾಡೋದೋ?” ಎಂದಿದ್ದಳು.

ಅವಳ ಬಾಯಿಗೆ ಮೇವು ಹಾಕುವಂತೆ ನನ್ನ ನೀಲಿ ಕೈಮಗ್ಗದ ಸೀರೆ ಕೆಟ್ಟಿತು. ಬಾಟಲಿ ಗಂಜಿ ತಣ್ಣೀರಿನಲ್ಲಿ ಪೂರ್ತಿ ಬಿಡುವುದಿಲ್ಲ, ಬಿಸಿನೀರಿನಲ್ಲಿ ನೆನೆಸಿ ತೆಗೆಯಬೇಕು. ನಾನು ಅವಸರಕ್ಕೆ ತಣ್ಣೀರಲ್ಲಿ ಜಾಲಿಸಿ ಮತ್ತೆ ಮತ್ತೆ ಹಾಕಿದೆ. ಪದರದ ಮೇಲೆ ಪದರ ಕುಳಿತು ಬಟ್ಟೆ ತಗಡಾಯಿತು, ಇಸ್ತ್ರಿಪೆಟ್ಟಿಗೆಯ ತಳಕ್ಕೆ ಕಂದು ಹಕ್ಕಳೆ ಹತ್ತಿತು, ಬೆವರು ಹೋಗಲು ದಾರಿಯಿಲ್ಲದೆ ಮೈಯೆಲ್ಲ ಉರಿ. ಕೊನೆಗೆ ನೆರಿಗೆಯ ಮಡಿಕೆಯಲ್ಲೇ ಪಟ್ಟನೆ ಸೀಳಿತು. ಸುಭದ್ರಕ್ಕ ಒಂದು ವಾರ ನಕ್ಕಳು. ನಕ್ಕವರ ಹಲ್ಲು ಎಣಿಸುವ ಕಾಲವೂ ಬರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು.

ಅವಳ ಅಕ್ಕ ಕೃಷ್ಣವೇಣಿಯಕ್ಕ ಕಾಶಿಗೆ ಬಂದಿದ್ದು ಕೊರೋನಾ ಮುಗಿದ ಮರುವರ್ಷ. ಗಂಡ ಇಲ್ಲ, ಮಕ್ಕಳಿಲ್ಲ. ಕಣ್ಣಿನ ನರ ಒಣಗಿ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. “ಸಾಯಾಕ ಬಂದೀನಿ, ಅವಸರ ಇಲ್ಲ” ಎಂದು ನಗುತ್ತಲೇ ಹೇಳಿದವರು ಅವರು. ಜೊತೆಗೆ ತಂದದ್ದು ಎರಡು ಬಿಳಿ ಹತ್ತಿ ಸೀರೆ, ಮತ್ತೆ ಒಂದು ಇಳಕಲ್ ಸೀರೆ.

ಆ ಇಳಕಲ್ ಸೀರೆಯನ್ನು ಈ ಅಕ್ಕತಂಗಿಯರ ಅಪ್ಪ ಅವರ ಅವ್ವನಿಗೆಂದು ನೇಯ್ದಿದ್ದ. ಕಡುನೀಲಿಯ ಹತ್ತಿಯ ಒಡಲು, ಕೆಂಪು ರೇಷ್ಮೆಯ ಸೆರಗು. ಎರಡೂ ಬೇರೆ ಬೇರೆ ಹಾಸು. ಒಂದರ ನೂಲಿನ ಕೊಂಡಿಗೆ ಇನ್ನೊಂದರ ಕೊಂಡಿ ಸಿಗಿಸಿ ಕೂಡಿಸಿದ್ದು, ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕೆಲಸ. ಅದನ್ನು ನೇಯುವಾಗ ಅಡ್ಡೆಳೆಯ ನೂಲನ್ನು ಕಂಡಿಕೆಗೆ ಸುತ್ತಿ ಕೊಟ್ಟವರು ಕೃಷ್ಣವೇಣಿಯಕ್ಕ. ಅವ್ವ ಸಾಯುವಾಗ ಸೀರೆ ಅವರ ಕೈಗೆ ಬಂತು. ಸುಭದ್ರಕ್ಕ ಆಗ ಇನ್ನೂ ಚಿಕ್ಕವಳು, ಅವ್ವನ ಮುಖವೇ ಸರಿಯಾಗಿ ನೆನಪಿಲ್ಲ.

“ಸುಭೀ, ನಾ ಹೊರಡೋವಾಗ ಇದನ್ನ ಉಡಸು. ಅವ್ವ ಗುರುತು ಹಿಡೀಬೇಕಲ್ಲ, ನನಗಂತೂ ಕಣ್ಣಿಲ್ಲ” ಎಂದರು ಕೃಷ್ಣವೇಣಿಯಕ್ಕ. ಅವರು ಕೇಳಿದ್ದು ಅದೊಂದೇ. ಊಟಕ್ಕೆ ಇಷ್ಟೇ ಬೇಕು ಅಂದವರಲ್ಲ, ಹಾಸಿಗೆ ಮೆತ್ತಗಿಲ್ಲ ಅಂದವರಲ್ಲ.

ಸುಭದ್ರಕ್ಕ ಆ ಮಾತನ್ನು ತಲೆಯ ಮೇಲೆ ಹೊತ್ತಳು. ಬಂದ ವಾರದಲ್ಲೇ ಅದನ್ನು ಉಡಿಸಿ ಅಕ್ಕನಿಗೆ ಗಂಗಾಸ್ನಾನ ಮಾಡಿಸಿದಳು. ಒಗೆದು, ಅದುವರೆಗೆ ಯಾರಿಗೂ ಹಾಕದಷ್ಟು ಗಟ್ಟಿ ಗಂಜಿ ಹಾಕಿದಳು. ರೇಷ್ಮೆಗೆ ಗಂಜಿ ಸಲ್ಲದು ಎಂದು ಸೆರಗನ್ನು ಗಂಟುಕಟ್ಟಿ ಎಡಗೈಯಲ್ಲಿ ಎತ್ತಿ ಹಿಡಿದು, ಒಡಲನ್ನು ಮಾತ್ರ ಮುಳುಗಿಸಿದಳು. ನೀಲಿಯ ಮೇಲೆ ಒಂದು ಬಿಳಿ ಚುಕ್ಕೆ ಬೀಳಲಿಲ್ಲ. ಇಸ್ತ್ರಿ ಮಾಡಿ ಮಡಿಚಿದಾಗ ಮಡಿಕೆಯ ಅಂಚಿನಲ್ಲಿ ಹಪ್ಪಳ ಮುರಿಯಬಹುದಿತ್ತು.

“ಯಾಕ ಇಷ್ಟು ಗಟ್ಟಿ?” ಎಂದೆ.

“ನಮ್ಮಕ್ಕ ಮುದುರಿದ ಸೀರ್ಯಾಗ ಹೋಗಬಾರದು. ಹೊತ್ತು ಬಂದಾಗ ಗಂಜಿ ಹಾಕ್ಕೋತ ಕುಂಡ್ರಾಕ ಆಗತೈತೇನ? ತಗದ ಕೂಡಲೇ ಉಡಸೋ ಹಂಗಿರಬೇಕು” ಎಂದಳು.

ಸೀರೆ ಒಂದು ತಗಡಿನ ಟ್ರಂಕಿಗೆ, ಟ್ರಂಕು ಮಂಚದ ಕೆಳಗೆ ಹೋಯಿತು. ತಳಕ್ಕೆ ಹಿಂದಿ ಪೇಪರು, ಮೂಲೆಗೆ ಡಾಂಬರು ಗುಳಿಗೆ, ಮೇಲೆ ಬೀಗ. ಒಮ್ಮೆ ಹೋಗಿದ್ದು ಮತ್ತೆ ಹೊರಗೆ ಬರಲಿಲ್ಲ. ಹೊರಡುವ ಸೀರೆಯನ್ನು ನಡುವೆ ಬಿಚ್ಚಬಾರದು, ಬಿಚ್ಚಿದರೆ ಸಾವನ್ನು ಕೂಗಿ ಕರೆದಂತೆ. ಇದು ಅವಳ ಅತ್ತೆಯ ಮನೆಯ ರೂಢಿ. ಉಳಿದ ಸೀರೆಗಳನ್ನು ಬಿಸಿಲು ಕಂಡ ಕೂಡಲೇ ತೆಗೆದು, ಮಡಿಕೆ ಬದಲಿಸಿ ಇಡುವವಳು ಇದರ ಬೀಗ ಮಾತ್ರ ಮುಟ್ಟಲಿಲ್ಲ.

ಕಾಶಿಯ ಗಲ್ಲಿಯ ಕೆಳಮನೆ ಎಂದರೆ ಶ್ರಾವಣದಲ್ಲಿ ಗೋಡೆಯೇ ಬೆವರುತ್ತದೆ. ಎರಡನೆಯ ಮಳೆಗಾಲದಲ್ಲಿ ನಾನು ಒಂದು ಸಲ ಬಾಯಿಬಿಟ್ಟೆ. “ಅಕ್ಕಾ, ಅಕ್ಕಿ ಗಂಜಿ ಅಂದ್ರ ಅನ್ನನs ಅಲ್ಲೇನು? ಹುಳಕ್ಕ ಊಟ ಬಡಿಸಿ ಬೀಗ ಹಾಕಿದಂಗ ಆತು. ಒಂದ್ಸಲ ತಗದು ನೋಡು.”

“ನಿನ್ನ ಬಾಯಾಗ ಮಣ್ಣು ಬೀಳಲಿ, ನಮ್ಮಕ್ಕನ್ನ ಕಳಸಾಕ ಅವಸರ ಮಾಡಬ್ಯಾಡ” ಎಂದು ಎದ್ದು ಒಳಗೆ ಹೋದಳು. ಎರಡು ದಿನ ಮಾತಾಡಲಿಲ್ಲ. ನಾನೂ ಬಿಟ್ಟೆ. ನನ್ನ ಬಾಟಲಿ ಸೀರೆಯ ಕಥೆ ಎತ್ತಿದರೆ ನನಗೇ ಮುಜುಗರ.

ಈ ವರ್ಷ ಮಳೆ ನಿಂತ ಮೇಲೆ ಕೃಷ್ಣವೇಣಿಯಕ್ಕ ಹಾಸಿಗೆ ಹಿಡಿದರು. ಎದೆಯಲ್ಲಿ ನೀರು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಡಾಕ್ಟರು ನೀಲಕಂಠ ಅವರನ್ನು ಪಕ್ಕಕ್ಕೆ ಕರೆದು, “ಘರ್ ಮೇಂ ಹೀ ರಖಿಯೇ”, ಮನೆಯಲ್ಲೇ ಇಟ್ಟುಕೊಳ್ಳಿ, ಎಂದರು. ಅದರ ಅರ್ಥ ಎಲ್ಲರಿಗೂ ಆಯಿತು.

ಮರುದಿನ ನಾನು ಸಾಬೂದಾನಿ ಗಂಜಿ ಮಾಡಿ ತೆಗೆದುಕೊಂಡು ಹೋದಾಗ ಕೃಷ್ಣವೇಣಿಯಕ್ಕ ಎಚ್ಚರವಾಗಿದ್ದರು. ತಂಗಿಯ ಕೈ ಹಿಡಿದುಕೊಂಡಿದ್ದರು.

“ಸುಭೀ, ಅವ್ವನ ಸೀರಿ ಛಲೋ ಐತಲ್ಲ?”

“ಐತಿ ಅಕ್ಕಾ, ಟ್ರಂಕಿನ್ಯಾಗ ಐತಿ.”

“ಇಡೋವಾಗ ಗಂಜಿ ತೊಳದs ಇಟ್ಟೀ ಹೌದಿಲ್ಲೋ? ಅವ್ವ ಹಂಗs ಮಾಡ್ತಿದ್ಲು. ಉಡೋ ಸೀರಿಗೆ ಗಂಜಿ, ಇಡೋ ಸೀರಿಗೆ ಬರೇ ನೀರು ಅಂತಿದ್ಲು. ನೀ ಸಣ್ಣಾಕಿದ್ದಿ, ನಿನಗ ನೆನಪಿರಲಿಕ್ಕಿಲ್ಲ.”

ಸುಭದ್ರಕ್ಕನ ಮುಖದ ಕಳೆ ಇಳಿಯಿತು. ಬಾಯಿ ಮಾತ್ರ “ತೊಳದs ಇಟ್ಟೀನಿ ಅಕ್ಕಾ” ಎಂದಿತು. ಅಕ್ಕನಿಗೆ ಕಣ್ಣು ಕಾಣದಿರುವುದು ಅವಳಿಗೆ ಅವತ್ತು ಮೊದಲ ಬಾರಿ ಉಪಕಾರಕ್ಕೆ ಬಂತು.

ಅವರು ನಿದ್ದೆ ಹೋದ ಮೇಲೆ ನನ್ನನ್ನು ಅಡುಗೆಮನೆಗೆ ಎಳೆದಳು. “ತಗದು ತೊಳದು ಒಣಗಿಸಿಬಿಡೋಣು. ಆಕಿ ಹೇಳಿದಂಗs ಆಗಲಿ. ರೂಢಿ ಗೀಢಿ ಸುಟ್ಟು ಹೋಗಲಿ.” ಇಬ್ಬರೂ ಸೇರಿ ಟ್ರಂಕನ್ನು ಸದ್ದಾಗದಂತೆ ಎಳೆದು ಹೊರಗೆ ತಂದೆವು.

ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ಬೂಷ್ಟಿನ ವಾಸನೆ. ಪುಸ್ತಕ ತಿನ್ನುವ ಆ ಬೆಳ್ಳಿಬಣ್ಣದ ಹುಳಗಳು ಬೆಳಕು ಕಂಡು ನಾಲ್ಕೂ ಕಡೆ ಸರಸರ ಓಡಿದವು. ಡಾಂಬರು ಗುಳಿಗೆ ಕರಗಿ ಯಾವಾಗಲೋ ಗಾಳಿಯಾಗಿತ್ತು. ಮೇಲಿನಿಂದ ಸೀರೆ ಸೀರೆಯ ಹಾಗೆಯೇ ಇತ್ತು. ಸುಭದ್ರಕ್ಕ ಉಸಿರು ಬಿಟ್ಟು, “ಏನೂ ಆಗಿಲ್ಲ ನೋಡು” ಎಂದು ಎತ್ತಿ ಒಂದು ಮಡಿಕೆ ಬಿಡಿಸಿದಳು. ಮಡಿಕೆ ಬಿಡಿಸಿಕೊಳ್ಳಲಿಲ್ಲ, ಮುರಿಯಿತು. ಒಣ ರೊಟ್ಟಿ ಮುರಿದಷ್ಟೇ ಸದ್ದು. ಇನ್ನೊಂದು ಮಡಿಕೆಯೂ ಹಾಗೇ. ಮಡಿಕೆಯ ಗೆರೆಯಲ್ಲೆಲ್ಲ ನೀಲಿ ಹೋಗಿ ಹಳದಿ ತಿರುಗಿತ್ತು. ನಡುವೆ ಹುಳ ನೆಕ್ಕಿ ನೆಕ್ಕಿ ಬಟ್ಟೆ ತೆಳ್ಳಗಾಗಿ, ಅಲ್ಲಲ್ಲಿ ಕಾಳು ತೂರುವಷ್ಟು ತೂತು.

ಸೆರಗು ಮಾತ್ರ ಹಾಗೇ ಇತ್ತು. ಗಂಜಿ ಕಾಣದ ರೇಷ್ಮೆ, ಕೆಂಪು ಕೆಂಪಾಗಿ. ಹುಳ ಕೊಂಡಿಯ ತನಕ ತಿಂದು, ಊಟ ಮುಗಿಯಿತೆಂದು ಅಲ್ಲೇ ನಿಂತಿತ್ತು.

ಸುಭದ್ರಕ್ಕ ಅಳಲಿಲ್ಲ. “ತೊಳದ್ರ ಮೆತ್ತಗಾಗತೈತಿ. ಗಂಜಿ ಬಿಟ್ಟರ ಬಟ್ಟಿ ಕೂಡತೈತಿ” ಎಂದು ಉಗುರುಬೆಚ್ಚಗಿನ ನೀರಿಗೆ ಬಿಟ್ಟಳು. ನನಗೆ ಒಳಗೊಳಗೇ ಭಯ, ಆದರೂ ತಡೆಯಲಿಲ್ಲ. ಅಷ್ಟು ದಿನ ಆ ನೂಲುಗಳನ್ನು ಹಿಡಿದುಕೊಂಡಿದ್ದದ್ದು ಗಂಜಿಯೊಂದೇ. ಅದು ಕರಗಿದ ಹಾಗೆ ಸೀರೆಯೂ ಬಿಟ್ಟುಕೊಂಡಿತು. ಅವಳು ಕೈ ಹಾಕಿ ಎತ್ತಿದರೆ ಒಂದೊಂದು ಮಡಿಕೆ ಒಂದೊಂದು ತುಂಡಾಗಿ ಬಂತು. ನೀರು ನೀಲಿಯಾಯಿತು. ಅವಳು ಆ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ಏಳಲಿಲ್ಲ. ಅವಳು ನಕ್ಕಿದ್ದ ಆ ವಾರದ ಹಲ್ಲು ಎಣಿಸುವ ಮನಸ್ಸು ನನಗೆ ಬರಲಿಲ್ಲ.

ಆಮೇಲೆ ಅವಳು ತಲೆಯೆತ್ತದೆ ಹೇಳಿದಳು. “ದಾಕ್ಷಾಯಣೀ, ನಿನ್ನ ಬಾಟಲಿ ತಗೊಂಡು ಬಾ.”

ಸಂಜೆವರೆಗೆ ಇಬ್ಬರೂ ತಾರಸಿಯ ಮೇಲಿದ್ದೆವು. ನನ್ನ ಹತ್ತಿರ ಒಂದು ತೆಳು ಮಲ್‌ಮಲ್ ಬಟ್ಟೆ ಇತ್ತು. ಅದನ್ನು ಬಾಟಲಿ ಗಂಜಿಯಲ್ಲಿ ದಪ್ಪಗೆ ಅದ್ದಿ ಹಾಸಿ, ಒಣಗಿದ ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಮೇಲೆ ಕೂರಿಸಿ, ಪೇಪರು ಇಟ್ಟು ಇಸ್ತ್ರಿ ಒತ್ತಿದೆವು. ಆ ಅಂಟು ಕಾವಿಗೆ ಹಿಡಿಯುತ್ತದೆ. ಇಡೀ ಸೀರೆ ಆಗಲಿಲ್ಲ. ಮೈಮೇಲೆ ಹೊದಿಸುವಷ್ಟು ಆಯಿತು. ಸೆರಗಿನ ಕಡೆಯ ತುಂಡು ಸೆರಗಿನ ಜೊತೆಗೇ ಉಳಿದಿತ್ತಾದ್ದರಿಂದ ದೂರದಿಂದ ನೋಡಿದರೆ ಇಳಕಲ್ ಸೀರೆಯೇ. “ದೂರದಿಂದ ಛಲೋ ಕಾಣತೈತಿ” ಎಂದೆ. ಯಾರಿಗೆ ಕಾಣಬೇಕಿತ್ತು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಬೆಳಿಗ್ಗೆ ಕೃಷ್ಣವೇಣಿಯಕ್ಕ ತಾವಾಗಿಯೇ ಕೇಳಿದರು. ಉಸಿರು ಎಳೆದು ಎಳೆದು ಬರುತ್ತಿತ್ತು. “ಸೀರಿ ಕೊಡು ಸುಭೀ. ಒಂದ್ಸಲ ಮುಟ್ಟತೀನಿ.”

ಸುಭದ್ರಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ. ಅವಳು ತಂದು ಅಕ್ಕನ ಎದೆಯ ಮೇಲೆ ಹರವಿ, ಉಪಾಯವಾಗಿ ಸೆರಗನ್ನೇ ಕೈಗೆ ಕೊಟ್ಟಳು. ಕೃಷ್ಣವೇಣಿಯಕ್ಕನ ಬೆರಳು ರೇಷ್ಮೆಯ ಮೇಲೆ ಆಡಿದಾಗ ಅವರ ಮುಖ ಅರಳಿತು. ಹಾಗೆಯೇ ಕೊಂಡಿಯ ಗುಂಟ ಬೆರಳು ಸರಿಯಿತು. ಕೊಂಡಿ ದಾಟಿ ಒಡಲಿಗೆ ಬಂತು. ಅಲ್ಲಿ ನಿಂತಿತು. ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆಯನ್ನು ಹಿಡಿದು ತಿಕ್ಕಿದರು. ಅದು ಕರಕರ ಎಂದಿತು. ಹಾಸಿನ ನೂಲಿಗೆ ಗಂಜಿ ಹಾಕಿ, ಕಂಡಿಕೆ ಸುತ್ತಿ ಬೆಳೆದ ಬೆರಳು ಅದು. ಅದಕ್ಕೆ ಸುಳ್ಳು ಹೇಳಲು ನಾವು ಹೊರಟಿದ್ದೆವು.

“ಇದು ಅಕ್ಕಿ ಗಂಜಿ ಅಲ್ಲ” ಎಂದರು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, “ಸೆರಗು ಅವ್ವಂದು. ಒಡಲು ಯಾರದು?” ಎಂದರು.

ನೀಲಕಂಠ ಅವರು ಬಾಗಿಲಲ್ಲಿ ನಿಂತಿದ್ದವರು ಹೊರಗೆ ಹೋದರು.

“ಮಾರಿದೇನ ಸುಭೀ? ಅಡಚಣಿ ಇತ್ತೇನ? ಹೇಳಿದ್ರ ನಾನs ಕೊಡತಿದ್ನೆಲ್ಲ” ಎಂದರು ಕೃಷ್ಣವೇಣಿಯಕ್ಕ. ಸಿಟ್ಟು ಇರಲಿಲ್ಲ ದನಿಯಲ್ಲಿ. ಸಿಟ್ಟು ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆವು. ಸೀರೆಯನ್ನು ಎದೆಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮುಖ ಗೋಡೆಯ ಕಡೆ ತಿರುಗಿಸಿದರು.

ಊರಿಗೆಲ್ಲ ಬಾಯಿ ಮಾಡುವ ಸುಭದ್ರಕ್ಕನಿಗೆ ಆ ಹೊತ್ತಿನಲ್ಲಿ ದನಿಯೇ ಬರಲಿಲ್ಲ. ತುಂಬಾ ಹೊತ್ತಿನ ಮೇಲೆ ಮಂಚದ ಪಕ್ಕದಲ್ಲಿ ಮಂಡಿಯೂರಿ, ಅಕ್ಕನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. “ಮಾರಿಲ್ಲ ಅಕ್ಕಾ. ನಿಂದs ಸೀರಿ. ಗಂಜಿ ತೊಳದಿರಲಿಲ್ಲ. ನೀ ಗರಿಗರಿ ಸೀರ್ಯಾಗ ಹೋಗಲಿ ಅಂತ ಗಟ್ಟಿ ಹಾಕಿ ಇಟ್ಟೆ. ಹುಳ ತಿಂತು. ನಾನs ತಿನಸಿದೆ. ಕೇಳ್ತೇನ ಅಕ್ಕಾ? ನಾ ಮಾರಿಲ್ಲ.”

ನಾನು ಮಂಚದ ಆ ಕಡೆ, ಗೋಡೆಯ ಬದಿಗೆ ನಿಂತಿದ್ದೆ. ಕೃಷ್ಣವೇಣಿಯಕ್ಕನ ಮುಖ ನನ್ನ ಕಡೆಗಿತ್ತು.

ಆಮೇಲೆ ಮನೆ ತುಂಬಿತು. ಮಠದಿಂದ ಜನ ಬಂದರು, ಬಿದಿರು ಬಂತು. ಮಣಿಕರ್ಣಿಕೆಗೆ ಹೊತ್ತುಕೊಂಡು ಹೋಗುವವರು ಗಲ್ಲಿಯಲ್ಲಿ ನಿಂತು “ಜಲ್ದೀ ಕೀಜಿಯೇ” ಎಂದು ಅವಸರ ಮಾಡುತ್ತಿದ್ದರು. ಸ್ನಾನ ಮಾಡಿಸಿದ ಮೇಲೆ ಸುಭದ್ರಕ್ಕ ಆ ಅಂಟಿಸಿದ ಒಡಲನ್ನು ಉಡಿಸಲು ಬಿಡಲಿಲ್ಲ. ಕತ್ತರಿ ಕೊಡಲು ಹೋದೆ, ಬೇಡ ಎಂದಳು. ಕುಳಿತು, ಸೆರಗಿನ ಕೊಂಡಿಗಳಲ್ಲಿ ಸಿಕ್ಕಿದ್ದ ಹತ್ತಿಯ ನೂಲನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿದಳು. ಹೊರಗೆ ಗಂಡಸರು ಗೊಣಗಿದರು. ಅವಳ ಕೈ ಅವಸರ ಮಾಡಲಿಲ್ಲ. ಅಕ್ಕ ದಿನಾ ಉಡುತ್ತಿದ್ದ, ಒಗೆದು ಒಗೆದು ಮೆತ್ತಗಾದ, ಗಂಜಿ ಕಾಣದ ಬಿಳಿ ಸೀರೆಯನ್ನೇ ಉಡಿಸಿ, ಅದರ ಮೇಲೆ ಅವ್ವನ ಕೆಂಪು ಸೆರಗನ್ನು ಹೊದಿಸಿದಳು. ನಮ್ಮಲ್ಲಿ ಹೆಂಗಸರು ಸುಡುವ ಘಾಟಿಗೆ ಹೋಗುವುದಿಲ್ಲ. ಗಲ್ಲಿಯ ತಿರುವಿನವರೆಗೆ ಆ ಕೆಂಪು ಕಾಣುತ್ತಿತ್ತು.

ಈಗಲೂ ಸುಭದ್ರಕ್ಕನ ಮನೆಯಲ್ಲಿ ಅನ್ನ ಬಸಿಯುತ್ತಾರೆ. ಗಂಜಿ ಗಲ್ಲಿಯ ಹಸುವಿಗೆ ಹೋಗುತ್ತದೆ. ಕನ್ನಡದ ಹೊಸ ಹುಡುಗಿಯರು ಸೀರೆ ಹಿಡಿದುಕೊಂಡು ಬಂದರೆ, “ಉಟಗೊಂಡ ಮ್ಯಾಲ ತೊಳದs ಇಡ್ರಿ, ಯಾವ ಗಂಜಿ ಆದ್ರೂ ಅಷ್ಟs” ಎಂದು ಹೇಳಿ ಹಿಂದಕ್ಕೆ ಕಳುಹಿಸುತ್ತಾಳೆ. ಜಗಳಕ್ಕೆ ಬರುವುದಿಲ್ಲ. ನಾನು ಬೇಕೆಂದೇ ಬಾಟಲಿ ಹಿಡಿದುಕೊಂಡು ಅವಳ ಮುಂದೆ ಓಡಾಡಿದರೂ ಮೂಗು ಮುರಿಯುವುದಿಲ್ಲ. ಆ ಜಗಳಗಂಟಿ ಹೆಂಗಸಿಗಾಗಿ ನನ್ನ ಜೀವ ಹಂಬಲಿಸುತ್ತದೆ.

ಒಂದೇ ಮಾತು ಕೇಳುತ್ತಾಳೆ. ನಾನು ಬ್ಯಾಂಕಿನಿಂದ ಬಂದು ಮೆಟ್ಟಿಲು ಹತ್ತುವಾಗ ಬಾಗಿಲಲ್ಲಿ ನಿಂತಿರುತ್ತಾಳೆ.

“ದಾಕ್ಷಾಯಣೀ, ನೀ ಆ ಕಡೆ ನಿಂತಿದ್ದಿಯಲ್ಲ. ಮಾರಿಲ್ಲ ಅಂತ ಹೇಳಿದ್ದು ಅಕ್ಕಗ ಕೇಳ್ತಲ್ಲ?”

ಅವತ್ತು ಅವಳು ಬಾಯಿ ತೆರೆಯುವ ಮೊದಲೇ ಕೃಷ್ಣವೇಣಿಯಕ್ಕನ ಉಸಿರು ನಿಂತಿತ್ತು. ಅದನ್ನು ನೋಡಿದವಳು ನಾನೊಬ್ಬಳೇ.

“ಕೇಳ್ತು ಅಕ್ಕಾ. ತಲಿ ಆಡಿಸಿದ್ರು” ಎನ್ನುತ್ತೇನೆ. ನಾಳೆ ಮತ್ತೆ ಕೇಳುತ್ತಾಳೆ. ನಾನು ಮತ್ತೆ ಅದನ್ನೇ ಹೇಳುತ್ತೇನೆ.